ಅವ್ವ ಬೀಳುವ ಮೊದಲೇ ಕೇಳ್ರಿ

ಗೋಕಾಕ, ಮೂಡಲಗಿ, ಹುಕ್ಕೇರಿ ತಾಲ್ಲೂಕುಗಳ ಎಷ್ಟೋ ಮನೆಗಳಲ್ಲಿ ನಸುಕಿನಲ್ಲಿ ಎದ್ದು ಎಮ್ಮೆ ಹಿಂಡುವವಳು ಅವ್ವ. ಹಾಲು ಡೇರಿಗೆ ಹೋಗುತ್ತದೆ, ಉಳಿದದ್ದು ಮೊಮ್ಮಕ್ಕಳಿಗೆ. ಅವಳ ಪಾಲಿಗೆ ಎರಡು ಕಪ್ ಚಹಾ. ಬಾಣಂತಿಯಾಗಿದ್ದಾಗ ಅವಳಿಗೂ ಅಂಟಿನ ಉಂಡಿ ಕಟ್ಟಿದ್ದರು. ಮುಟ್ಟು ನಿಂತ ಮೇಲೆ ಮೊದಲ ಐದಾರು ವರ್ಷ ಎಲುಬು ಬಹಳ ಬೇಗ ಸವೆಯುತ್ತದೆ. ಆಗ ಅವಳ ತಾಟಿನಲ್ಲಿ ಏನಿದೆ ಎಂದು ನಾವು ಯಾರೂ ಕೇಳಲಿಲ್ಲ. ಕೇಳುವುದು ಬಚ್ಚಲಲ್ಲಿ ಜಾರಿ ಚಪ್ಪೆಯ ಎಲುಬು ಮುರಿದುಕೊಂಡ ಮೇಲೆ. ಇದು ನಮ್ಮ ಮನೆಗಳೊಳಗೇ ನಡೆಯುವ ಅನ್ಯಾಯ.

ಕೇಳಲು ಯಂತ್ರ ಬೇಡ, ತೂಕದ ಕಾಟಾ ಸಾಕು. ಏಷ್ಯಾದ ಮಹಿಳೆಯರಿಗೆಂದೇ ವೈದ್ಯರು ರೂಪಿಸಿದ ಸರಳ ಲೆಕ್ಕವೊಂದಿದೆ. ವಯಸ್ಸಿನಲ್ಲಿ ತೂಕವನ್ನು ಕಳೆಯಿರಿ. 20ಕ್ಕಿಂತ ಹೆಚ್ಚು ಬಂದರೆ ಎಲುಬು ಟೊಳ್ಳಾಗಿರುವ ಅಪಾಯ ದೊಡ್ಡದು, 5ರಿಂದ 20ರ ನಡುವೆ ಬಂದರೆ ಮಧ್ಯಮ. ಇದು ರೋಗದ ತೀರ್ಪಲ್ಲ. ಯಾರನ್ನು ಮೊದಲು ಡೆಕ್ಸಾ ಸ್ಕ್ಯಾನಿಗೆ ಕಳಿಸಬೇಕು ಎಂಬ ಸೂಚನೆ ಮಾತ್ರ.

ಉದಾಹರಣೆಗೆ ಒಬ್ಬ ಅವ್ವನನ್ನು ಇಟ್ಟುಕೊಳ್ಳೋಣ. ವಯಸ್ಸು 66, ತೂಕ 44 ಕಿಲೊ. ಕಳೆದರೆ 22, ಅಂದರೆ ದೊಡ್ಡ ಅಪಾಯದ ಗುಂಪು. ಹೋದ ವರ್ಷ 47 ಕಿಲೊ ಇದ್ದಳು. ವರ್ಷದಲ್ಲಿ ನೂರಕ್ಕೆ ಐದು ಪಾಲಿಗಿಂತ ಹೆಚ್ಚು ತೂಕ ತಾನಾಗಿ ಇಳಿದರೆ ಅದನ್ನು ವಯಸ್ಸಿನ ಮೇಲೆ ಹಾಕಿ ಸುಮ್ಮನಾಗಬಾರದು. ಎಲುಬಿನ ಜೊತೆ ಸ್ನಾಯುವೂ ಕರಗುತ್ತಿರಬಹುದು. ಹರೆಯದ ಎತ್ತರಕ್ಕಿಂತ ನಾಲ್ಕು ಸೆಂಟಿಮೀಟರ್ ಕುಗ್ಗಿದ್ದರೆ ಬೆನ್ನೆಲುಬು ಸದ್ದಿಲ್ಲದೆ ಕುಸಿದಿದೆಯೇ ಎಂದು ಎಕ್ಸ್‌ರೇ ತೆಗೆಸಬೇಕು.

ಇನ್ನು ಊಟ. "ಊಟ ಮಾಡಿದಿರೇನವ್ವಾ?" ಎಂದರೆ "ಹೂಂ, ಆತು" ಎನ್ನುತ್ತಾಳೆ. ಹಾಗಲ್ಲ, ನಿನ್ನೆ ಮುಂಜಾನೆಯಿಂದ ರಾತ್ರಿವರೆಗೆ ಉಂಡದ್ದನ್ನು ಒಂದೊಂದಾಗಿ ಕೇಳಬೇಕು, ಅಳತೆಯೊಡನೆ. ನಾಲ್ಕು ಜೋಳದ ರೊಟ್ಟಿ, ಒಂದು ಸೌಟು ಬೇಳೆ, ಸ್ವಲ್ಪ ಪಲ್ಯ, ಶೇಂಗಾ ಚಟ್ನಿ, ತುಸು ಅನ್ನ, ನೀರು ಮಜ್ಜಿಗೆ, ಎರಡು ಚಹಾ. ಕೂಡಿಸಿದರೆ ಸುಮಾರು 350 ಮಿಲಿಗ್ರಾಂ ಕ್ಯಾಲ್ಸಿಯಂ. ಮುಟ್ಟು ನಿಂತವರಿಗೆ ಐಸಿಎಂಆರ್ ಹೇಳಿದ್ದು ದಿನಕ್ಕೆ 1200. ಹೊಟ್ಟೆ ತುಂಬಿದೆ, ಎಲುಬು ಉಪವಾಸ. ನೂರು ಗ್ರಾಂ ಜೋಳದಲ್ಲಿ 30 ಮಿಲಿಗ್ರಾಂ ಕ್ಯಾಲ್ಸಿಯಂ ಕೂಡ ಇಲ್ಲ, ರಾಗಿಯಲ್ಲಿ 350ರ ಆಸುಪಾಸು ಇದೆ.

ಪ್ರೋಟೀನ್ ಇಲ್ಲಿ ನಮ್ಮನ್ನು ಮೋಸಗೊಳಿಸುತ್ತದೆ. ಈ ಊಟದಲ್ಲಿ 45 ಗ್ರಾಂ ಬರುತ್ತದೆ, ಕಿಲೊ ತೂಕಕ್ಕೆ ಒಂದು ಗ್ರಾಂ, ಸಾಕೆನಿಸುತ್ತದೆ. ಆದರೆ ಅರ್ಧಕ್ಕಿಂತ ಹೆಚ್ಚು ಬಂದದ್ದು ಜೋಳದಿಂದ. ಜೋಳದ ಪ್ರೋಟೀನಿನಲ್ಲಿ ಲೈಸಿನ್ ಕಡಿಮೆ, ಬೇಳೆ, ಹಾಲು, ಮೊಸರು, ತತ್ತಿ ಜೊತೆಯಾದರೆ ಮಾತ್ರ ಆ ಕೊರತೆ ತುಂಬುತ್ತದೆ. ಹಲ್ಲು ಬಿದ್ದು ರೊಟ್ಟಿ ನಾಲ್ಕರಿಂದ ಎರಡಕ್ಕಿಳಿದ ದಿನ ಆ 45 ಕೂಡ ಉಳಿಯುವುದಿಲ್ಲ. ಆದ್ದರಿಂದ ಹಲ್ಲನ್ನೂ ನೋಡಬೇಕು.

ಒಂದು ಲೋಟ ಹಾಲು, ಒಂದು ಬಟ್ಟಲು ಗಟ್ಟಿ ಮೊಸರು, ಒಂದು ಬಟ್ಟಲು ರಾಗಿ ಅಂಬಲಿ, ಹಿಡಿ ನುಗ್ಗೆ ಸೊಪ್ಪು, ರೊಟ್ಟಿಗೆ ಹಚ್ಚಿದ ಒಂದು ಚಮಚ ಎಳ್ಳು ಸೇರಿದರೆ ಲೆಕ್ಕ 1200ರ ಹತ್ತಿರ ಬರುತ್ತದೆ. ಸೊಪ್ಪು, ಎಳ್ಳುಗಳ ಕ್ಯಾಲ್ಸಿಯಂ ಪೂರ್ತಿ ಮೈಗೆ ಹತ್ತುವುದಿಲ್ಲ, ಹಾಲು ಮೊಸರೇ ಆಧಾರ. ಡೇರಿಗೆ ಹಾಕುವ ಮುನ್ನ ಅವಳ ಲೋಟ ತೆಗೆದಿಡಿ. ಇದು ನಿಮ್ಮ ಕೈಯಲ್ಲಿದೆ.

ಊಟದಿಂದ ಸಾಕಷ್ಟು ಸಿಗದ್ದು ವಿಟಮಿನ್ ಡಿ. ಹೊಲಕ್ಕೆ ಹೋಗುವವಳಿಗೆ ಬಿಸಿಲಿದೆ. ಮೊಣಕಾಲು ನೋವಿನಿಂದ ಒಳಗೇ ಕುಳಿತವಳು ಎಷ್ಟು ತಿಂಗಳಿಂದ ಅಂಗಳಕ್ಕೆ ಬಂದಿಲ್ಲ ಎಂದು ಕೇಳಿ. ಅಂಥವಳಿಗೆ ಮಾತ್ರೆ ಬೇಕಾಗಬಹುದು, ಆದರೆ ವೈದ್ಯರ ಅಳತೆಯಲ್ಲಿ. ವರ್ಷಕ್ಕೊಮ್ಮೆ ಐದು ಲಕ್ಷ ಯೂನಿಟ್ ಒಟ್ಟಿಗೇ ಕೊಟ್ಟ ಆಸ್ಟ್ರೇಲಿಯಾದ ಪ್ರಯೋಗದಲ್ಲಿ ಮಹಿಳೆಯರು ಇನ್ನೂ ಹೆಚ್ಚು ಬಿದ್ದರು ಎಂದು 2010ರಲ್ಲಿ ವರದಿಯಾಯಿತು.

ಟೊಳ್ಳು ಎಲುಬು ಮುರಿಯುವುದು ಹೆಚ್ಚಾಗಿ ಬಿದ್ದಾಗ. ವರ್ಷದಲ್ಲಿ ಒಮ್ಮೆಯಾದರೂ ಬಿದ್ದಳೇ? ಕುರ್ಚಿಯಿಂದ ಕೈ ಊರದೆ ಐದು ಸಲ ಎದ್ದು ಕೂರಲು 15 ಸೆಕೆಂಡಿಗಿಂತ ಹೆಚ್ಚು ಬೇಕೇ? ಕಣ್ಣಿಗೆ ಪೊರೆ ಬಂದಿದೆಯೇ, ನಿದ್ದೆ ಮಾತ್ರೆ ಇದೆಯೇ, ರಾತ್ರಿ ಬಚ್ಚಲಿಗೆ ಹೋಗುವ ದಾರಿಯಲ್ಲಿ ದೀಪವಿದೆಯೇ?

ಆಶಾ ಅಕ್ಕಂದಿರು ಮನೆಮನೆಗೆ ತರುವ ಸಿಬ್ಯಾಕ್ ಅರ್ಜಿ ಸೊಂಟದ ಸುತ್ತಳತೆ ಕೇಳುತ್ತದೆ, ದಪ್ಪಗಿದ್ದರೆ ಅಂಕ ಕೊಡುತ್ತದೆ. ಸೊರಗಿದವಳಿಗೆ ಅದರಲ್ಲಿ ಅಂಕವಿಲ್ಲ. ಅರವತ್ತು ದಾಟಿದವರಿಗೆ ನಿಂತಾಗ, ನಡೆದಾಗ ತೂರಾಡುತ್ತದೆಯೇ ಎಂಬ ಪ್ರಶ್ನೆಯಿದೆ. ಅಕ್ಕಂದಿರೇ, "ಹೌದು" ಎಂದವಳ ಹೆಸರಿನ ಪಕ್ಕದಲ್ಲಿ ಅವಳ ವಯಸ್ಸು, ಇಂದಿನ ತೂಕ, ಹೋದ ವರ್ಷದ ತೂಕ ಬರೆಯಿರಿ. ಪ್ರಾಥಮಿಕ ಆರೋಗ್ಯ ಕೇಂದ್ರದ ವೈದ್ಯರೇ, ವ್ಯತ್ಯಾಸ 20 ದಾಟಿದವಳನ್ನು ನೋವಿನ ಗುಳಿಗೆ ಕೊಟ್ಟು ಕಳಿಸಬೇಡಿ, ಸ್ಕ್ಯಾನಿಗೆ ಚೀಟಿ ಬರೆಯಿರಿ. ಮಕ್ಕಳೇ, ಆ ಚೀಟಿ ಹಿಡಿದು ಅವ್ವನ ಜೊತೆ ನೀವೇ ಹೋಗಿ.