ರಾತ್ರಿ ಒಂಬತ್ತಕ್ಕೆ ಬರುವ ನೀರಿನ ಲೆಕ್ಕ

ದಿನಕ್ಕೆ ಎಷ್ಟು ನೀರು ಕುಡೀತೀರಿ ಅಂತ ಕೇಳಿದರೆ ನಾವೆಲ್ಲ ಒಂದು ಅಂದಾಜು ಹೇಳಿಬಿಡುತ್ತೇವೆ. ನಮ್ಮಪ್ಪನ ಅಂದಾಜು ಯಾವಾಗಲೂ ಒಂದೇ: "ನಾಕ್ ತಂಬಿಗಿ ಕುಡೀತೀನ್ರಿ." ಹೋದ ವರ್ಷ ಮೂತ್ರಪಿಂಡದ ಕಲ್ಲು ತೆಗೆಸಿದಾಗ ಡಾಕ್ಟರ್ ಮುಂದೆಯೂ ಇದನ್ನೇ ಹೇಳಿದರು. ಡಾಕ್ಟರ್ ಕೇಳಿದ್ದು ಮಾತ್ರ ಬೇರೆ. ಎಷ್ಟು ಕುಡೀತೀರಿ ಅನ್ನೋದಕ್ಕಿಂತ ಎಷ್ಟು ಮೂತ್ರ ಹೋಗುತ್ತದೆ ಅನ್ನೋದು ಮುಖ್ಯ, ದಿನಕ್ಕೆ ಎರಡೂವರೆ ಲೀಟರ್ ಆದರೂ ಹೋಗಬೇಕು ಅಂದರು. ಒಮ್ಮೆ ಕಲ್ಲಾದವರಿಗೆ ಅಮೆರಿಕನ್ ಯುರಾಲಜಿಕಲ್ ಅಸೋಸಿಯೇಷನ್‌ನ 2014ರ ಮಾರ್ಗಸೂಚಿ ಹೇಳುವುದೂ ಇದೇ ಅಳತೆ. ಮೂತ್ರ ಗಟ್ಟಿಯಾದಷ್ಟೂ ಅದರಲ್ಲಿರುವ ಲವಣಗಳು ಹರಳುಗಟ್ಟುತ್ತವೆ, ತೆಳುವಾಗಿದ್ದರೆ ಹರಿದು ಹೋಗುತ್ತವೆ.

ನಮ್ಮೂರು ಕನಮಡಿ. ತಿಕೋಟಾ ಸೀಮೆಯ ಉಳಿದ ಊರುಗಳ ಹಾಗೆ ಇಲ್ಲೂ ದ್ರಾಕ್ಷಿ ತೋಟ. ಏಪ್ರಿಲ್‌ನ ಚಾಟನಿ ಸಮಯಕ್ಕೆ ಬಿಸಿಲು ನಲವತ್ತರ ಆಸುಪಾಸಿನಲ್ಲಿರುತ್ತದೆ. ಕುಡಿದ ನೀರಿನ ದೊಡ್ಡ ಪಾಲು ಬೆವರಾಗಿ ಹೋಗುತ್ತದೆ. ಅಂದಾಜಿನ ಮೇಲೆ ಬಿಡುವ ಹಾಗಿರಲಿಲ್ಲ. ನಾನಿರುವುದು ಬೆಂಗಳೂರಿನಲ್ಲಿ, ಕೆಲಸ ಸಾಫ್ಟ್‌ವೇರ್. ಹೀಗಾಗಿ ಅಪ್ಪನಿಗಾಗಿ ಟೆಲಿಗ್ರಾಂನಲ್ಲಿ ಒಂದು ಬಾಟ್ ಮಾಡಿದೆ. ಬಾಟ್ ಅಂದರೆ ನಮ್ಮ ಸಂದೇಶ ಓದಿ ತಾನೇ ಉತ್ತರ ಕೊಡುವ ಒಂದು ಸಣ್ಣ ಪ್ರೋಗ್ರಾಂ. ಟೆಲಿಗ್ರಾಂನಲ್ಲಿ `@BotFather` ಎಂಬ ಖಾತೆಗೆ `/newbot` ಎಂದು ಕಳಿಸಿ ಹೆಸರಿಟ್ಟರೆ ಅದು ಒಂದು ಟೋಕನ್ ಕೊಡುತ್ತದೆ. ಆ ಟೋಕನ್ ಮನೆಯ ಬೀಗದ ಕೈ ಇದ್ದ ಹಾಗೆ, ಯಾರಿಗೂ ಕೊಡಬಾರದು.

ಮೊದಲ ಕೆಲಸ ಅಡುಗೆ ಮನೆಯಲ್ಲಿ. ಅಪ್ಪ ಕುಡಿಯುವುದು ತಂಬಿಗೆಯಲ್ಲಿ, ಲೋಟದಲ್ಲಿ. ಮಿಲಿಲೀಟರ್ ಲೆಕ್ಕ ಅವರಿಗೆ ಯಾಕೆ? ಅವ್ವ ಅಳತೆಯ ಜಗ್ಗಿನಿಂದ ಸುರಿದು ನೋಡಿದಳು. ತಂಬಿಗೆ ಕಂಠದವರೆಗೆ 700 ಮಿಲಿ, ಲೋಟ 180, ಚಹಾದ ಕಪ್ಪು 80. ತುಳುಕುವಷ್ಟು ತುಂಬಿಸಿ ಅಳೆಯಬಾರದು, ದಿನಾ ತುಂಬಿಸುವಷ್ಟೇ ತುಂಬಿಸಿ ಅಳೆಯಬೇಕು. ಬಾಟ್‌ನಲ್ಲಿ ಈ ಹೆಸರುಗಳದ್ದೇ ಗುಂಡಿಗಳು. ತಂಬಿಗೆ ಒತ್ತಿದರೆ ಸಾಕು, 700 ಬರೆದುಕೊಳ್ಳುತ್ತದೆ. ಅರ್ಧ ತಂಬಿಗೆ ಅಂತಲೂ ಒಂದು ಗುಂಡಿ ಇದೆ. ಒತ್ತಿದ ಕೂಡಲೇ "700 ಸೇರಿತು" ಅಂತ ಉತ್ತರ ಬರಬೇಕು, ಬರದಿದ್ದರೆ ಲೆಕ್ಕಕ್ಕೆ ಸೇರಿಲ್ಲ ಅಂತ ಅರ್ಥ.

ಇನ್ನು ದಿನ ಅಂದರೆ ಯಾವಾಗಿನಿಂದ ಯಾವಾಗಿನವರೆಗೆ? ಬಾಡಿಗೆಯ ಸರ್ವರ್‌ಗಳ ಗಡಿಯಾರ ಸಾಮಾನ್ಯವಾಗಿ ಗ್ರೀನಿಚ್ ಸಮಯದಲ್ಲಿರುತ್ತದೆ. ಅಲ್ಲಿ ಮಧ್ಯರಾತ್ರಿ ಆದಾಗ ನಮ್ಮಲ್ಲಿ ಬೆಳಗಿನ ಐದೂವರೆ. ಅಪ್ಪ ಏಳುವುದು ಐದಕ್ಕೆ. ಸರ್ವರ್ ಗಡಿಯಾರವನ್ನೇ ನಂಬಿದರೆ ಎದ್ದ ಕೂಡಲೇ ಕುಡಿದ ನೀರು ಹಿಂದಿನ ದಿನದ ಖಾತೆಗೆ ಹೋಗುತ್ತದೆ. ನಮ್ಮದೇ ಮಧ್ಯರಾತ್ರಿ ಇಟ್ಟುಕೊಂಡರೆ, ರಾತ್ರಿ ಒಂದಕ್ಕೆ ಎದ್ದು ಕುಡಿದ ಲೋಟ ಮರುದಿನದ ಪಾಲು. ಅದಕ್ಕೇ ನಮ್ಮ ಮನೆಯ ದಿನ ಶುರುವಾಗುವುದು ಬೆಳಗಿನ ನಾಲ್ಕಕ್ಕೆ:

```
t = datetime.fromtimestamp(msg_date, ZoneInfo("Asia/Kolkata"))
dina = (t - timedelta(hours=4)).date()
```

ಸಂದೇಶದ ಸಮಯವನ್ನು ಭಾರತದ ಸಮಯಕ್ಕೆ ತಿರುಗಿಸಿ, ಅದರಿಂದ ನಾಲ್ಕು ಗಂಟೆ ಕಳೆದು, ಬಂದ ತಾರೀಕನ್ನು ಹಿಡಿಯುವುದು, ಅಷ್ಟೇ. ಮೊತ್ತ ಬರುವುದು ರಾತ್ರಿ ಒಂಬತ್ತಕ್ಕೆ. ಆಮೇಲೆ ಕುಡಿದದ್ದೂ ಸೇರಿದ ನಿನ್ನೆಯ ಪೂರ್ತಿ ಮೊತ್ತ ಅದರ ಕೆಳಗಿನ ಸಾಲಿನಲ್ಲಿರುತ್ತದೆ.

ಏಪ್ರಿಲ್‌ನ ಒಂದು ದಿನದ ಲೆಕ್ಕ ನೋಡಿ. 5:10ಕ್ಕೆ ಅರ್ಧ ತಂಬಿಗೆ, 7:00ಕ್ಕೆ ಚಹಾ, 8:30ಕ್ಕೆ ಎರಡು ಲೋಟ, 10:40ಕ್ಕೆ ಒಂದು ತಂಬಿಗೆ. ಸಂಜೆ 4:20ಕ್ಕೆ ಮತ್ತೊಂದು ತಂಬಿಗೆ, 7:30ಕ್ಕೆ ಎರಡು ಲೋಟ, 8:40ಕ್ಕೆ ಒಂದು ಲೋಟ. ಒಟ್ಟು 2,730 ಮಿಲಿ. ಮೊತ್ತವನ್ನಷ್ಟೇ ನೋಡಿದರೆ ಯಾರಾದರೂ ಪರವಾಗಿಲ್ಲ ಅನ್ನುತ್ತಾರೆ. ಆದರೆ ನಮ್ಮ ಬಾಟ್ ಮೊತ್ತದ ಜೊತೆ ಇನ್ನೊಂದು ಸಾಲನ್ನೂ ಕಳಿಸುತ್ತದೆ: ಹಗಲಿನ ಅತಿ ದೊಡ್ಡ ಖಾಲಿ ಅವಧಿ. ಅವತ್ತು ಅದು 10:40ರಿಂದ 4:20, ಅಂದರೆ ಐದು ಗಂಟೆ ನಲವತ್ತು ನಿಮಿಷ. ಸುಡು ಬಿಸಿಲಿನ ಹೊತ್ತು ಪೂರಾ.

ಖಾಲಿ ಅವಧಿಗೆ ಮೂರು ಕಾರಣ ಇರಬಹುದು. ಕುಡಿದಿಲ್ಲ, ಕುಡಿದು ಬರೆದಿಲ್ಲ, ಇಲ್ಲವೇ ಬರೆದದ್ದು ಬಾಟ್‌ಗೆ ತಡವಾಗಿ ಮುಟ್ಟಿದೆ. ಮೂರನೆಯದನ್ನು ಪತ್ತೆ ಮಾಡುವುದು ಸುಲಭ. ನೆಟ್‌ವರ್ಕ್ ಇಲ್ಲದಾಗ ಕಳಿಸಿದ ಸಂದೇಶ ಮೊಬೈಲ್‌ನಲ್ಲೇ ಕಾಯುತ್ತದೆ, ಸಿಗ್ನಲ್ ಸಿಕ್ಕು ಟೆಲಿಗ್ರಾಂ ಮುಟ್ಟಿದ ಸಮಯವೇ ಅದರ ಸಮಯವಾಗುತ್ತದೆ. ಆಗ ಸಂಜೆಗೆ ಒಂದೇ ನಿಮಿಷದಲ್ಲಿ ಮೂರು ನಾಲ್ಕು ತಂಬಿಗೆ ಸಾಲಾಗಿ ಕಾಣುತ್ತವೆ. ಅವತ್ತು ಹಾಗಿರಲಿಲ್ಲ. ಉಳಿದೆರಡರಲ್ಲಿ ಯಾವುದು ಅಂತ ಬಾಟ್‌ಗೆ ತಿಳಿಯದು, ಮನುಷ್ಯರನ್ನೇ ಕೇಳಬೇಕು. ಫೋನ್ ಮಾಡಿದೆ.

"ಫೋನು ಪಂಪ್‌ಸೆಟ್ ಮನ್ಯಾಗಿನ ಚೀಲದಾಗ ಇರ್ತದ ತಮ್ಮಾ. ಕತ್ರಿ ಹಿಡದ ಕೈಲೆ ಫೋನ್ ಹೆಂಗ ಹಿಡೀಲಿ?" ಅಂದರು ಅಪ್ಪ. ಹಂಗಾದ್ರ ನೀರು ಕುಡದ್ರ್ಯೋ ಇಲ್ಲೋ ಅಂತ ಕೇಳಿದೆ. ಸ್ವಲ್ಪ ಹೊತ್ತು ಸುಮ್ಮನಿದ್ದು, "ನೀರಿನ ಕೊಡಾನೂ ಅಲ್ಲೇ ಇರ್ತದ. ಸಾಲು ಮುಗದ ಮ್ಯಾಲ ಹೋದ್ರಾತು ಅಂತ ಬಿಡ್ತೀನಿ" ಅಂದರು.

ಡಾಕ್ಟರ್ ಹೇಳಿದಂತೆ ಆ ವಾರ ಒಂದು ದಿನದ ಮೂತ್ರವನ್ನೂ ಅಳೆದರು. ಬೆಳಗಿನ ಮೊದಲ ಮೂತ್ರ ಬಿಟ್ಟು, ಅಲ್ಲಿಂದ ಮರುದಿನ ಬೆಳಗಿನ ಮೊದಲನೆಯದರವರೆಗೆ ಎಲ್ಲವನ್ನೂ ಒಂದು ಕ್ಯಾನಿನಲ್ಲಿ ಸೇರಿಸುವುದು. ಬಂದದ್ದು 1.6 ಲೀಟರ್. ಸುಮಾರು ಅಷ್ಟೇ ನೀರು ಕುಡಿದ ದಿನ ಜನವರಿಯಲ್ಲಿ ಇದಕ್ಕಿಂತ ಹೆಚ್ಚು ಬರುತ್ತಿತ್ತೇನೋ, ಏಪ್ರಿಲ್‌ನಲ್ಲಿ ಬೆವರಿನ ಪಾಲೇ ಹೆಚ್ಚು.

ಪರಿಹಾರ ಹೇಳಿದ್ದು ಅವ್ವ. ಅವರು ಕೆಲಸ ಮಾಡುವ ಸಾಲಿನ ತುದಿಗೇ ಎರಡು ಲೀಟರ್‌ನ ಬಾಟ್ಲಿ ಇಡುವುದು. ತೋಟದಲ್ಲಿ ಫೋನು ಮುಟ್ಟುವುದೇ ಬೇಡ. ಸಂಜೆ ಉಳಿದದ್ದನ್ನು ಅಳೆದು ಅವ್ವ "ತೋಟ 1500" ಅಂತ ಒಂದೇ ಸಂದೇಶ ಕಳಿಸುತ್ತಾಳೆ. ಯಾವ ಹೊತ್ತಿಗೆ ಎಷ್ಟು ಅನ್ನೋದು ಇದರಲ್ಲಿ ಸಿಗದು, ಆದರೆ ತೋಟದ ಲೆಕ್ಕ ಸರಿಯಾಗಿ ಸೇರುತ್ತದೆ. ಉಳಿದದ್ದೆಲ್ಲ ಮೊದಲಿನಂತೆಯೇ ಇದ್ದ ಒಂದು ದಿನ ಮೊತ್ತ 4,230 ಬಂತು. ಅವತ್ತು ಕ್ಯಾನಿನ ಅಳತೆ ಎರಡೂವರೆ ಲೀಟರಿನ ಗೆರೆ ದಾಟಿತು.

ನಿಮ್ಮ ಮನೆಯಲ್ಲಿ ಇಂಥದ್ದು ಮಾಡುವುದಾದರೆ ಎರಡು ಮಾತು. ಹೃದಯ ಸೋತವರಿಗೆ, ಮೂತ್ರಪಿಂಡ ಕೆಲಸ ನಿಲ್ಲಿಸುತ್ತ ಬಂದವರಿಗೆ ಡಾಕ್ಟರ್ ನೀರಿಗೆ ಮಿತಿ ಹಾಕಿರುತ್ತಾರೆ. ಅಂಥವರ ಬಾಟ್ ಎಚ್ಚರಿಸಬೇಕಾದದ್ದು ಮೊತ್ತ ಕಡಿಮೆಯಾದಾಗ ಅಲ್ಲ, ಮಿತಿ ಹತ್ತಿರ ಬಂದಾಗ. ಇನ್ನೊಂದು, ಪ್ರೋಗ್ರಾಂ ನಿಂತುಹೋದರೆ ಟೆಲಿಗ್ರಾಂ ಅದರ ಸಂದೇಶಗಳನ್ನು 24 ಗಂಟೆಗಿಂತ ಹೆಚ್ಚು ಕಾಯ್ದಿಡುವುದಿಲ್ಲ. ಒಂಬತ್ತಕ್ಕೆ ಮೊತ್ತ ಬರದಿದ್ದರೆ ಅದೇ ಸೂಚನೆ, ಅವತ್ತೇ ನೋಡಬೇಕು. ನಮ್ಮಲ್ಲಿ ಆ ಕಾವಲು ಅಪ್ಪನದೇ. ಒಂಬತ್ತು ಹತ್ತಾದರೂ ಲೆಕ್ಕ ಬರದಿದ್ದರೆ ನನ್ನ ಫೋನು ಹೊಡೆದುಕೊಳ್ಳುತ್ತದೆ: "ತಮ್ಮಾ, ಇವತ್ತಿನ ಲೆಕ್ಕ ಎಲ್ಲೈತಿ?"