ಪೇಪರ್ ಹಾಕಿದ ಮೇಲೆ ಬರುವ ಆ ಫೋನ್

ನಮ್ಮ ಅಕ್ಕನ ಮಗಳಿಗೆ ಆ ಫೋನ್ ಬಂದದ್ದು 90 ದಿನಗಳ ನೋಟಿಸ್ ಪೀರಿಯಡ್‌ನ 71ನೇ ದಿನ. ಬೆಂಗಳೂರಿನ ಒಂದು ಕಂಪನಿಯಲ್ಲಿ ಸಾಫ್ಟ್‌ವೇರ್ ಟೆಸ್ಟಿಂಗ್ ಕೆಲಸ, ತಿಂಗಳಿಗೆ 70 ಸಾವಿರ ಸಂಬಳ. ಹೊಸ ಕಂಪನಿ 95 ಸಾವಿರಕ್ಕೆ ಒಪ್ಪಿತ್ತು. ಆಫರ್ ಲೆಟರ್‌ಗೆ ಸಹಿ ಹಾಕಿ ಕಳಿಸಿದ ಮೇಲೆಯೇ ಅವಳು ಪೇಪರ್ ಹಾಕಿದ್ದು. ಹೊಸ ಆಫೀಸಿಗೆ ಹತ್ತಿರವಾಗಲಿ ಎಂದು ಒಂದು ಮನೆಗೆ 20 ಸಾವಿರ ಟೋಕನ್ ಅಡ್ವಾನ್ಸ್ ಕೂಡ ಕೊಟ್ಟಿದ್ದಳು. ಫೋನಿನಲ್ಲಿ ಎಚ್‌ಆರ್ ಹೇಳಿದ್ದು ಇಷ್ಟೆ: ಪ್ರಾಜೆಕ್ಟ್ ನಿಂತಿದೆ, ಆಫರ್ ವಾಪಸ್ ತೆಗೆದುಕೊಳ್ಳುತ್ತಿದ್ದೇವೆ, ಪೋರ್ಟಲ್‌ನಲ್ಲಿ ನೀವೇ ‘ಡಿಕ್ಲೈನ್’ ಒತ್ತಿಬಿಟ್ಟರೆ ಪ್ರಕ್ರಿಯೆ ಸುಲಭವಾಗುತ್ತದೆ.

ಆ ಗುಂಡಿಯನ್ನು ಒತ್ತಿದ್ದರೆ ದಾಖಲೆಯ ಪ್ರಕಾರ ಆಫರ್ ಬಿಟ್ಟವಳು ಅವಳೇ ಆಗುತ್ತಿದ್ದಳು. ಪುಣ್ಯಕ್ಕೆ ಒತ್ತಲಿಲ್ಲ. “ಮಾಮ, ಈಗೇನು ಮಾಡ್ಲಿ?” ಎಂದು ನನಗೆ ಫೋನ್ ಮಾಡಿದಳು. ಅವಳ ಅಪ್ಪ, ಅಂದರೆ ನಮ್ಮ ಭಾವ, ಆಗಲೇ ಒಂದು ಬುದ್ಧಿವಾದ ಹೇಳಿದ್ದರು: “ಬಿಟ್ಬಿಡಮ್ಮ, ದೊಡ್ಡ ಕಂಪನಿ ಜೊತೆ ಜಗಳ ಬೇಡ. ನಾಳೆ ಅವರೇ ಕರೀಬಹುದು.” ನಾನು ವಾದಿಸಬೇಕೆಂದಿರುವುದು ಈ ಮಾತಿನ ಜೊತೆಗೇ. ಇಂಥ ಹೊತ್ತಿನಲ್ಲಿ ಬಾಯಿ ಮುಚ್ಚಿಕೊಂಡಿರುವುದನ್ನೇ ನಾವು ವೃತ್ತಿಪರತೆ ಎಂದು ತಿಳಿದಿದ್ದೇವೆ. ನನ್ನ ಮಟ್ಟಿಗೆ ವೃತ್ತಿಪರತೆ ಎಂದರೆ ಆದ ನಷ್ಟವನ್ನು ಅಳತೆ ಮಾಡಿ, ದನಿ ಏರಿಸದೆ, ಬರವಣಿಗೆಯಲ್ಲಿ ಕೇಳುವುದು.

ಆದರೆ ಮೊದಲ ಮೇಲ್ ಹೋಗಬೇಕಾದದ್ದು ಹೊಸ ಕಂಪನಿಗಲ್ಲ, ಹಳೆಯ ಆಫೀಸಿಗೆ. ಕೊನೆಯ ದಿನ ಇನ್ನೂ ಬಂದಿಲ್ಲದಿದ್ದರೆ ಆ ಬಾಗಿಲು ಪೂರ್ತಿ ಮುಚ್ಚಿಲ್ಲ. ಸರ್ಕಾರಿ ವಲಯದ ನೌಕರರ ವಿಷಯದಲ್ಲಿ ನ್ಯಾಯಾಲಯಗಳು ಇದನ್ನು ಹಲವು ಸಲ ಹೇಳಿವೆ. 2024ರಲ್ಲಿ ಕೊಂಕಣ ರೈಲ್ವೆಯ ನೌಕರರೊಬ್ಬರ ಪ್ರಕರಣದಲ್ಲಿ, ರಾಜೀನಾಮೆ ಅಂಗೀಕಾರವಾದದ್ದು ನೌಕರನಿಗೆ ತಲುಪುವ ಮೊದಲೇ ಅವರು ಅದನ್ನು ಹಿಂಪಡೆದಿದ್ದರೆಂದು ಸುಪ್ರೀಂ ಕೋರ್ಟ್ ಅವರನ್ನು ಕೆಲಸಕ್ಕೆ ಮರಳಿ ಸೇರಿಸಲು ಆದೇಶಿಸಿತು. ಖಾಸಗಿ ಕಂಪನಿಯಲ್ಲಿ ಈ ಬಲ ಇಷ್ಟು ಗಟ್ಟಿಯಾಗಿ ಸಿಗುವುದಿಲ್ಲ. ಅಲ್ಲಿ ನೇಮಕಾತಿ ಪತ್ರದ ಷರತ್ತು ಮತ್ತು ಮ್ಯಾನೇಜರ್ ಮನಸ್ಸು, ಇವೆರಡೇ ಆಧಾರ. ಹಾಗಾಗಿ ಕೇಳುವ ರೀತಿ ಮುಖ್ಯವಾಗುತ್ತದೆ. “ನನ್ನ ರಾಜೀನಾಮೆಯನ್ನು ಹಿಂಪಡೆಯಲು ಅವಕಾಶ ಕೊಡಿ, ಅದು ಆಗದಿದ್ದರೆ ಕೊನೆಯ ದಿನವನ್ನು ಮುಂದೂಡಿ” ಎಂದು ಎರಡನ್ನೂ ಒಟ್ಟಿಗೆ ಕೇಳಿದರೆ ಮ್ಯಾನೇಜರ್‌ಗೆ ಇಲ್ಲ ಎನ್ನುವುದು ಕಷ್ಟ. ನಡೆದದ್ದನ್ನು ಮುಚ್ಚಿಡುವ ಅಗತ್ಯವಿಲ್ಲ. ಆಫರ್ ರದ್ದಾದ ಸುದ್ದಿ ಹೇಗೂ ಹಬ್ಬುತ್ತದೆ, ಅದು ನಮ್ಮ ಬಾಯಿಂದಲೇ ಮೊದಲು ಹೋದರೆ ಮರ್ಯಾದೆ. ಅವಳ ಜಾಗಕ್ಕೆ ಆಗಲೇ ಬೇರೊಬ್ಬರು ಬಂದಿದ್ದರು. ಆದರೂ ಹೊಸಬರಿಗೆ ಕೆಲಸ ಕಲಿಸುವ ಹೊಣೆ ಹೊರಿಸಿ 30 ದಿನ ವಿಸ್ತರಣೆ ಕೊಟ್ಟರು. ಸಂಬಳ ನಿಲ್ಲಲಿಲ್ಲ, ಆಫೀಸಿನ ಆರೋಗ್ಯ ವಿಮೆಯೂ ಅಷ್ಟು ದಿನ ಉಳಿಯಿತು.

ಇನ್ನು ಆಫರ್ ಹಿಂತೆಗೆದುಕೊಂಡವರ ಮಾತು. 1872ರ ಭಾರತೀಯ ಕರಾರು ಕಾಯ್ದೆಯ 5ನೇ ಸೆಕ್ಷನ್ ಪ್ರಕಾರ ಒಂದು ಪ್ರಸ್ತಾಪವನ್ನು ಹಿಂಪಡೆಯಬಹುದಾದದ್ದು ಒಪ್ಪಿಗೆ ಪೂರ್ಣವಾಗುವ ಮೊದಲು. ಸಹಿ ಹಾಕಿದ ಪತ್ರ ಹೋದ ಮೇಲೆ ಅದು ಬರೀ ಆಫರ್ ಅಲ್ಲ, ಕರಾರು. ಆಮೇಲೆ ಹಿಂದೆ ಸರಿದರೆ ಅದು ಕರಾರು ಮುರಿದಂತೆ. ಹಾಗೆಂದು ಕೋರ್ಟಿಗೆ ಹೋಗಿ ಆ ಕೆಲಸವನ್ನೇ ಕೊಡಿಸಿ ಎಂದರೆ ನಡೆಯುವುದಿಲ್ಲ. ಒಲ್ಲದ ಧಣಿಯ ಬಳಿ ದುಡಿಯುವ ಕರಾರನ್ನು ನ್ಯಾಯಾಲಯ ಸಾಮಾನ್ಯವಾಗಿ ಒತ್ತಾಯದಿಂದ ಜಾರಿ ಮಾಡಿಸುವುದಿಲ್ಲ. ಸಿಗಬಹುದಾದದ್ದು ನಷ್ಟ ಪರಿಹಾರ ಮಾತ್ರ. ಆಫರ್ ಲೆಟರ್‌ನಲ್ಲಿ “ಹಿನ್ನೆಲೆ ಪರಿಶೀಲನೆಗೆ ಒಳಪಟ್ಟು” ಎಂಬ ಷರತ್ತೋ, ಯಾವಾಗ ಬೇಕಾದರೂ ರದ್ದು ಮಾಡುವ ಹಕ್ಕು ಕಾಯ್ದಿರಿಸಿದ ಸಾಲೋ ಇದ್ದರೆ ಅದೂ ಸಡಿಲವಾಗುತ್ತದೆ. ಆದ್ದರಿಂದ ಸಿಟ್ಟಿನ ಮೇಲ್ ಬರೆಯುವ ಮೊದಲು ಆ ಪತ್ರವನ್ನು ಇನ್ನೊಮ್ಮೆ ಪೂರ್ತಿ ಓದಬೇಕು.

ಹಾಗಾದರೆ ಎಷ್ಟು ಕೇಳಬೇಕು? ಇಲ್ಲಿ ಹೆಚ್ಚಿನವರು ಎಡವುತ್ತಾರೆ. ಒಂದು ವರ್ಷದ ಸಂಬಳ ಕೊಡಿ ಎಂದು ಬರೆದರೆ ಆ ಮೇಲ್ ನೇರವಾಗಿ ಕಂಪನಿಯ ವಕೀಲರ ಮೇಜಿಗೆ ಹೋಗಿ ಅಲ್ಲೇ ಕೂರುತ್ತದೆ. ಅಳತೆಗೋಲು ಆಫರ್ ಲೆಟರ್‌ನಲ್ಲೇ ಇರುತ್ತದೆ: ಪ್ರೊಬೇಷನ್ ಅವಧಿಯ ನೋಟಿಸ್. ಅವಳ ಪತ್ರದಲ್ಲಿ ಅದು 30 ದಿನ ಎಂದಿತ್ತು. ಕೆಲಸಕ್ಕೆ ಸೇರಿಸಿಕೊಂಡು ಮರುದಿನವೇ ಬೇಡ ಎಂದಿದ್ದರೂ 30 ದಿನದ ಸಂಬಳ ಕೊಡಲೇಬೇಕಿತ್ತು. ಸೇರುವ ಮೊದಲೇ ಬೇಡ ಎಂದರೆ ಅದಕ್ಕಿಂತ ಕಡಿಮೆ ಏಕೆ? ಇದಕ್ಕೆ ಟೋಕನ್ ಅಡ್ವಾನ್ಸ್‌ನಂಥ, ರಸೀದಿ ಇರುವ ಖರ್ಚು ಸೇರಿಸಬಹುದು. ಮನಸ್ಸಿಗಾದ ನೋವು ನಿಜ, ಆದರೆ ಅದಕ್ಕೆ ಬೆಲೆ ಕಟ್ಟಿದರೆ ಉಳಿದ ಲೆಕ್ಕವೂ ಅನುಮಾನಕ್ಕೆ ಸಿಗುತ್ತದೆ.

ಮೂರನೆಯ ದಿನ ಅವಳು ಕಳಿಸಿದ ಮೇಲ್‌ನ ಸಾರ ಹೀಗಿತ್ತು: “ಇಂಥ ತಾರೀಖು ಆಫರ್ ಒಪ್ಪಿಕೊಂಡೆ, ಅದನ್ನು ನಂಬಿ ಇಂಥ ತಾರೀಖು ರಾಜೀನಾಮೆ ಕೊಟ್ಟೆ. ಮೊನ್ನೆ ಫೋನಿನಲ್ಲಿ ತಿಳಿಸಿದ್ದನ್ನು ದಯವಿಟ್ಟು ಬರವಣಿಗೆಯಲ್ಲಿ ಖಚಿತಪಡಿಸಿ. ಆಫರ್ ಹಿಂಪಡೆದದ್ದು ವ್ಯಾಪಾರದ ಕಾರಣಕ್ಕೆ, ನನ್ನ ದಾಖಲೆ ಅಥವಾ ನಡತೆಯ ಕಾರಣಕ್ಕಲ್ಲ ಎಂದು ಅದರಲ್ಲಿ ಇರಲಿ. ಪ್ರೊಬೇಷನ್ ನೋಟಿಸ್‌ಗೆ ಸಮನಾಗಿ 95 ಸಾವಿರ ಮತ್ತು ಬಾಡಿಗೆ ಮನೆಯ ಟೋಕನ್ 20 ಸಾವಿರ ಕೊಡಬೇಕೆಂದು ಕೋರುತ್ತೇನೆ. ನಿಮ್ಮಲ್ಲಿ ಬೇರೆ ತಂಡದಲ್ಲಿ ಜಾಗವಿದ್ದರೆ ಮಾತನಾಡಲು ಸಿದ್ಧಳಿದ್ದೇನೆ. ಹತ್ತು ದಿನದೊಳಗೆ ಉತ್ತರ ನಿರೀಕ್ಷಿಸುತ್ತೇನೆ.” ಪೋರ್ಟಲ್ ಗುಂಡಿಯ ಬಗ್ಗೆ ಒಂದು ಸಾಲು: “ಆಫರನ್ನು ನಾನು ತಿರಸ್ಕರಿಸಿಲ್ಲ, ಆದ್ದರಿಂದ ಹಾಗೆಂದು ದಾಖಲಿಸಲಾರೆ.”

ದುಡ್ಡಿಗಿಂತ ಆ ಖಚಿತಪಡಿಸುವ ಪತ್ರವೇ ಹೆಚ್ಚು ಬೆಲೆಯದು ಎಂಬುದು ನನ್ನ ಅಭಿಪ್ರಾಯ. ಮುಂದಿನ ಸಂದರ್ಶನದಲ್ಲಿ “ಹೊಸ ಕೆಲಸ ಇಲ್ಲದೆ ಯಾಕೆ ಬಿಟ್ಟಿರಿ?” ಎಂದು ಕೇಳೇ ಕೇಳುತ್ತಾರೆ. ಹಿನ್ನೆಲೆ ಪರಿಶೀಲನೆಯಲ್ಲಿ ಏನೋ ಸಿಕ್ಕಿರಬೇಕು ಎಂಬ ಸಂಶಯ ಹುಟ್ಟುವುದು ಅಲ್ಲಿ. ಕಂಪನಿಯ ಲೆಟರ್‌ಹೆಡ್‌ನ ಎರಡು ಸಾಲು ಆ ಸಂಶಯವನ್ನು ಅಲ್ಲೇ ತೆಗೆಯುತ್ತದೆ.

ಪತ್ರ ನಾಲ್ಕು ದಿನದಲ್ಲಿ ಬಂತು. ದುಡ್ಡಿಗೆ ಎರಡು ಬಾರಿ ನೆನಪಿಸಬೇಕಾಯಿತು. ಹಳೆಯ ಆಫೀಸು ದಿನ ವಿಸ್ತರಿಸಿದ್ದನ್ನು ಅವಳು ಆ ಮೇಲ್‌ನಲ್ಲಿ ಮುಚ್ಚಿಡದೆ ಹೇಳಿದಳು. ಅದು ಪ್ರಾಮಾಣಿಕತೆ ಮಾತ್ರವಲ್ಲ. ಪರಿಹಾರ ನಿರ್ಧರಿಸುವಾಗ ನಷ್ಟ ತಗ್ಗಿಸಲು ಇದ್ದ ದಾರಿಗಳನ್ನು ಗಮನಕ್ಕೆ ತೆಗೆದುಕೊಳ್ಳಬೇಕೆಂದು ಅದೇ ಕಾಯ್ದೆಯ 73ನೇ ಸೆಕ್ಷನ್ನಿನ ವಿವರಣೆ ಹೇಳುತ್ತದೆ. ಕೈಕಟ್ಟಿ ಕೂತು ಪೂರ್ತಿ ಸಂಬಳ ಕೇಳಿದರೆ ನಿಲ್ಲುವುದಿಲ್ಲ. ಕೊನೆಗೆ ಕಂಪನಿ 47,500 ಕೊಟ್ಟಿತು, ಟೋಕನ್ ಕೊಡಲಿಲ್ಲ. ಉಳಿದದ್ದಕ್ಕೆ ಸಿವಿಲ್ ದಾವೆ ಹೂಡಲು ಮೂರು ವರ್ಷ ಕಾಲಾವಕಾಶವಿದ್ದರೂ ವಕೀಲರ ಖರ್ಚು ನೋಡಿ ಅಲ್ಲಿಗೆ ನಿಲ್ಲಿಸಿದಳು. ಸರಿಯಾದ ತೀರ್ಮಾನವೇ.

ಅಭ್ಯರ್ಥಿಗಳೂ ಆಫರ್ ಒಪ್ಪಿ ಕೊನೆ ಗಳಿಗೆಯಲ್ಲಿ ಕೈಕೊಡುತ್ತಾರಲ್ಲ ಎಂದು ಎಚ್‌ಆರ್‌ನಲ್ಲಿರುವ ಗೆಳೆಯರು ಹೇಳುತ್ತಾರೆ. ಹೌದು, ಅದೂ ತಪ್ಪೇ. ಆದರೆ ಅಭ್ಯರ್ಥಿ ಬರದಿದ್ದರೆ ಕಂಪನಿಯಲ್ಲಿ ಒಂದು ಕುರ್ಚಿ ಕೆಲವು ವಾರ ಖಾಲಿ, ಕಂಪನಿ ಕೈಕೊಟ್ಟರೆ ಒಂದು ಮನೆಯ ಬಾಡಿಗೆ ನಿಲ್ಲುತ್ತದೆ. ನೋಟಿಸ್ ಪೂರೈಸದೆ ಹೋಗುವವರಿಂದ ದಿನ ಲೆಕ್ಕ ಹಾಕಿ ಸಂಬಳ ಕತ್ತರಿಸುವುದನ್ನು ಯಾರೂ ಜಗಳ ಎನ್ನುವುದಿಲ್ಲ, ಅದನ್ನು ನಿಯಮ ಎನ್ನುತ್ತಾರೆ. ಅದೇ ನಿಯಮವನ್ನು ಇನ್ನೊಂದು ಕಡೆಯಿಂದ ಓದಿದರೆ ಮಾತ್ರ ಅದು ಜಗಳ ಆಗುವುದು ಹೇಗೆ?

ವಿಸ್ತರಿಸಿದ 30 ದಿನ ಮುಗಿಯುವ ಮೊದಲೇ ಅವಳಿಗೆ ಇನ್ನೊಂದು ಆಫರ್ ಬಂತು, 88 ಸಾವಿರಕ್ಕೆ. ಈ ಸಲ ಸಹಿ ಹಾಕುವ ಮೊದಲು ಒಂದು ಸಾಲು ಸೇರಿಸಲು ಕೇಳಿದಳು: ಒಪ್ಪಿಗೆಯ ನಂತರ ಕಂಪನಿ ಆಫರ್ ಹಿಂಪಡೆದರೆ ಪ್ರೊಬೇಷನ್ ನೋಟಿಸ್‌ಗೆ ಸಮನಾದ ಸಂಬಳ ಕೊಡತಕ್ಕದ್ದು. ಎಚ್‌ಆರ್ ಎರಡು ದಿನ ತೆಗೆದುಕೊಂಡರು. ಆ ಸಾಲಿನೊಂದಿಗೇ ಪತ್ರ ಬಂತು.