ಲೇಬಲ್ ಹಾಕಿದರೆ ಒಪ್ಪಿಗೆ ಸಿಕ್ಕಂತೆಯೇ?

2025ರ ಸೆಪ್ಟೆಂಬರ್‌ನಲ್ಲಿ ಇನ್‌ಸ್ಟಾಗ್ರಾಂ ತುಂಬ ಸೀರೆಯೇ ಸೀರೆ. ಗೂಗಲ್‌ನ ಜೆಮಿನಿಗೆ ಒಂದು ಸೆಲ್ಫಿ ಕೊಟ್ಟರೆ ಸಾಕು, ಹಳೇ ಸಿನಿಮಾದ ನಾಯಕಿಯಂತೆ ಶಿಫಾನ್ ಸೀರೆ ಉಡಿಸಿ ಕೊಡುತ್ತಿತ್ತು. ತಮ್ಮ ಫೋಟೊ ತಾವೇ ಕೊಟ್ಟವರ ಬಗ್ಗೆ ನನ್ನ ತಕರಾರಿಲ್ಲ. ಆದರೆ ನಮ್ಮ ಕಾಲೇಜಿನ ಎಥ್ನಿಕ್ ಡೇ ಪೋಸ್ಟರ್‌ಗೆ ಯಾರೋ ಜೀನ್ಸ್ ಹಾಕಿದ್ದ ಸಹಪಾಠಿಯೊಬ್ಬಳ ಫೋಟೊ ತೆಗೆದುಕೊಂಡು ಸೀರೆ ಉಡಿಸಿದ್ದರು. ಅವಳನ್ನು ಕೇಳಿರಲಿಲ್ಲ. ಅವಳು ಆಕ್ಷೇಪಿಸಿದಾಗ ಬಂದ ಉತ್ತರ: ‘ಮೂಲೆಯಲ್ಲಿ ಎಐ ಚಿತ್ರ ಅಂತ ಬರೆದಿದ್ದೀವಲ್ಲ. ಅದೂ ಸೀರೆ ತಾನೆ?’

ಲೇಬಲ್ ಇರುವುದು ನೋಡುವವರಿಗೆ. ಇದು ನಿಜವಲ್ಲ ಎಂದು ಅವರಿಗೆ ತಿಳಿಸುತ್ತದೆ, ಅಷ್ಟೇ. ಫೋಟೊದಲ್ಲಿರುವವಳಿಗೆ ಅದು ಏನನ್ನೂ ಕೇಳುವುದಿಲ್ಲ.

ಬಟ್ಟೆ ಬದಲಿಸುವಾಗ ನಡೆಯುವುದೇನು ನೋಡಿ. ಬಟ್ಟೆಯಿರುವ ಭಾಗವನ್ನು ಸಾಫ್ಟ್‌ವೇರ್ ಅಳಿಸಿ, ತಾನು ಕಲಿತ ಲಕ್ಷಾಂತರ ಚಿತ್ರಗಳ ಅಂದಾಜಿನ ಮೇಲೆ ಹೊಸದಾಗಿ ತುಂಬುತ್ತದೆ. ಟಾಪ್ ಹೋಗಿ ಸೀರೆ ಬಂದಾಗ ಕಾಣುವ ಸೊಂಟ, ತೋಳು ಅವಳದ್ದಲ್ಲ, ಯಂತ್ರದ ಊಹೆ. ನೋಡುವವರು ಮಾತ್ರ ಅವಳದ್ದೆಂದೇ ನೋಡುತ್ತಾರೆ. 2026ರ ಜನವರಿಯಲ್ಲಿ ಎಕ್ಸ್‌ನ ಗ್ರೋಕ್ ವಿವಾದವಾದದ್ದೂ ಇದೇ ವಿಧಾನದಿಂದ. ಹೆಣ್ಣುಮಕ್ಕಳ ಫೋಟೊ ಕೆಳಗೆ ‘ಬಿಕಿನಿ ಹಾಕಿಸು’ ಎಂದು ಬರೆದರೆ ಅದು ಹಾಕಿಸುತ್ತಿತ್ತು. ಕೇಂದ್ರ ಐಟಿ ಸಚಿವಾಲಯ ಎಕ್ಸ್‌ಗೆ ನೋಟಿಸ್ ಕೊಟ್ಟಿತು. ಸೀರೆಗೂ ಬಿಕಿನಿಗೂ ನಮಗೆ ಅಜಗಜಾಂತರ. ಯಂತ್ರಕ್ಕೆ ಒಂದು ಪದದ ವ್ಯತ್ಯಾಸ.

ಲೇಬಲ್ಲಾದರೂ ಗಟ್ಟಿಯೇ? ಮೂಲೆಯ ಬರಹವನ್ನು ಕ್ರಾಪ್ ಮಾಡಿದರೆ ಮುಗಿಯಿತು. ಫೈಲ್ ಜತೆಗಿರುವ ಮಾಹಿತಿ ವಾಟ್ಸ್‌ಆ್ಯಪ್‌ನಲ್ಲಿ ಫೋಟೊ ಆಗಿ ಕಳಿಸಿದರೆ ಉದುರಿಹೋಗುತ್ತದೆ. ಗೂಗಲ್ ತನ್ನ ಚಿತ್ರಗಳ ಪಿಕ್ಸೆಲ್‌ಗಳಲ್ಲೇ ಬೆರೆಸುವ ‘ಸಿಂಥ್‌ಐಡಿ’ ಎಂಬ ಗುರುತು ಕ್ರಾಪ್ ಮಾಡಿದರೂ ಸಾಮಾನ್ಯವಾಗಿ ಉಳಿಯುತ್ತದೆ, ಆದರೆ ಆ ಗುರುತು ಬೆರೆಸದ ಚಿತ್ರದ ಬಗ್ಗೆ ಅದು ಏನೂ ಹೇಳದು. ಕಣ್ಣಲ್ಲೇ ಹಿಡಿಯಬೇಕೆಂದರೆ ನಾನು ನೆರಿಗೆಯಲ್ಲಿ ಜರಿ ಅಂಚು ತುಂಡಾಗಿದೆಯೇ, ಬಳೆ ಚರ್ಮದೊಳಗೆ ಕರಗಿದೆಯೇ ಎಂದು ನೋಡುತ್ತೇನೆ. ಇಂಥ ತಪ್ಪು ಸಿಗಲಿಲ್ಲವೆಂದು ಚಿತ್ರ ಅಸಲಿ ಎನ್ನುವಂತಿಲ್ಲ.

ಫೆಬ್ರುವರಿ 20ರಿಂದ ಜಾರಿಯಾದ ಐಟಿ ನಿಯಮಗಳ ತಿದ್ದುಪಡಿ ನಿಜವೆನಿಸುವ ಕೃತಕ ಚಿತ್ರಗಳಿಗೆ ಲೇಬಲ್ ಕಡ್ಡಾಯ ಮಾಡಿದೆ. ಬಣ್ಣ, ಬೆಳಕು ತಿದ್ದುವಂಥ ಮಾಮೂಲಿ ಕೆಲಸಕ್ಕೆ ವಿನಾಯಿತಿಯಿದೆ. ನಗ್ನ ಅಥವಾ ತಿರುಚಿದ ಚಿತ್ರದ ಬಗ್ಗೆ ಸಂತ್ರಸ್ತೆ ದೂರು ಕೊಟ್ಟರೆ ಜಾಲತಾಣ 2 ಗಂಟೆಯೊಳಗೆ ತೆಗೆಯಬೇಕು. ಮೊದಲು 24 ಗಂಟೆ ಇತ್ತು. ಒಳ್ಳೆಯದೇ. ಆದರೆ ಸೀರೆಯಂಥ ‘ಸಭ್ಯ’ ಬದಲಾವಣೆಗೆ ಮೊದಲೇ ಅವಳ ಒಪ್ಪಿಗೆ ಪಡೆಯಿರಿ ಎಂದು ಈ ತಿದ್ದುಪಡಿ ಹೇಳುವುದಿಲ್ಲ.

ನಮ್ಮ ಪೋಸ್ಟರ್ ತಂಡದ ಮುಂದೆ ನಾನಿಟ್ಟ ಬೇಡಿಕೆ ಸಣ್ಣದು. ‘ನಿನ್ನ ಫೋಟೊ ಎಡಿಟ್ ಮಾಡಬಹುದಾ’ ಎಂದು ಕೇಳಿದರೆ ಸಾಲದು, ಸಿದ್ಧವಾದ ಚಿತ್ರವನ್ನೇ ಅವಳಿಗೆ ಕಳಿಸಿ, ಎಲ್ಲಿ ಹಾಕುತ್ತೇವೆ, ಯಾವಾಗ ತೆಗೆಯುತ್ತೇವೆ ಎಂದು ತಿಳಿಸಿ. ಅವಳು ಉತ್ತರಿಸದಿದ್ದರೆ ಜೀನ್ಸ್‌ನ ಫೋಟೊವನ್ನೂ ಹಾಕಬೇಡಿ.